‘ಬಿಳಿ ಸೆರಗು’ ಅಂದರೆ ಯಾವ ಕಾಯಿಲೆ?

ಕಲಬುರಗಿಯಿಂದ, ಪ್ರಶ್ನೆ

ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಬ್ಯಾಕ್ಟೀರಿಯಲ್ ವಜೈನೋಸಿಸ್, ಯೀಸ್ಟ್ ಸೋಂಕು, ಟ್ರೈಕೊಮೊನಾಸ್ ಮೂರೂ ಅದರಲ್ಲಿ ಬರಬೇಕು. ನಮ್ಮ ಕಡೆ ಎಲ್ಲಕ್ಕೂ ‘ಬಿಳಿ ಸೆರಗು’ ಅಂತಲೇ ಹೇಳುತ್ತಾರೆ. ಅದನ್ನೇ ಬರೆದರೆ ಸಾಕಾ?

ಯಾದಗಿರಿಯಿಂದ

ಸಾಕು. ಎಲ್ಲರಿಗೂ ಗೊತ್ತಿರುವ ಮಾತು. ಮೈ ಉಷ್ಣವಾದರೆ ಹೀಗಾಗುತ್ತದೆ ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಒಂದು ಗುಳಿಗೆ ಕೊಡುತ್ತಾರೆ, ಅಷ್ಟರಲ್ಲೇ ವಾಸಿಯಾಗುತ್ತದೆ.

ಬೀದರ್‌ನಿಂದ, ಸ್ತ್ರೀರೋಗ ವೈದ್ಯೆ

ಆ ಗುಳಿಗೆ ಫ್ಲುಕೊನಜೋಲ್ 150 ಮಿಲಿಗ್ರಾಂ ಇರಬೇಕು. ಅದು ಕೆಲಸ ಮಾಡುವುದು ಯೀಸ್ಟ್ ಮೇಲೆ ಮಾತ್ರ. ಯೀಸ್ಟ್ ಇದ್ದರೆ ತುರಿಕೆ ಜಾಸ್ತಿ, ಸೆರಗು ಮೊಸರಿನ ಗಡ್ಡೆಯಂತೆ ಇರುತ್ತದೆ, ವಾಸನೆ ಅಷ್ಟಾಗಿ ಇರುವುದಿಲ್ಲ.

ಮೂವತ್ತರ ಆಸುಪಾಸಿನ ಒಬ್ಬರು ಆ ಗುಳಿಗೆಯನ್ನೇ ಮತ್ತೆ ಮತ್ತೆ ನುಂಗಿ ನನ್ನ ಹತ್ತಿರ ಬಂದಿದ್ದರು. ತುರಿಕೆ ಇರಲಿಲ್ಲ. ಸೆರಗು ತೆಳ್ಳಗೆ, ಬೂದು ಬಣ್ಣ. ಗಂಡನ ಜೊತೆ ಸೇರಿದ ಮೇಲೆ ಮೀನಿನ ವಾಸನೆ. ಆಮ್ಲ ನೋಡುವ ಪಟ್ಟಿ 5ರ ಮೇಲೆ ತೋರಿಸಿತು. 4.5ರೊಳಗೆ ಇರಬೇಕಿತ್ತು, ಅಂಕಿ ಏರಿದರೆ ಆಮ್ಲ ಕಡಿಮೆಯಾಗಿದೆ ಅಂತ ಅರ್ಥ. ಇದು ಬ್ಯಾಕ್ಟೀರಿಯಲ್ ವಜೈನೋಸಿಸ್. ಆಮ್ಲ ಕಾಯುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ, ಬೇರೆಯವು ಹೆಚ್ಚಿರುತ್ತವೆ. ಮೆಟ್ರೊನಿಡಜೋಲ್ 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ ಕೊಟ್ಟೆ. ವಾಸನೆ ಹೋಯಿತು. ಆದರೆ ಆಮೇಲೆ ತುರಿಕೆ ಶುರುವಾಯಿತು! ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ತೆಗೆದುಕೊಂಡ ಮೇಲೆ ಕೆಲವರಿಗೆ ಯೀಸ್ಟ್ ಬೆಳೆಯುತ್ತದೆ. ಆಗ ಫ್ಲುಕೊನಜೋಲ್ ಬೇಕಾಯಿತು. ಅದೇ ಹೆಂಗಸು, ಎರಡು ಕಾಯಿಲೆ, ಎರಡು ಔಷಧಿ. ಒಂದೇ ಪದ ಬರೆದರೆ ಇದು ಯಾರಿಗೆ ತಿಳಿಯುತ್ತದೆ?

ಆಳಂದದಿಂದ

ನನಗೆ ಸಕ್ಕರೆ ಕಾಯಿಲೆ ಇದೆ. ತುರಿಕೆ ಹೋದಂತಾಗಿ ಮತ್ತೆ ಬರುತ್ತದೆ. ಮನೆಯವರಿಗೂ ಗುಳಿಗೆ ಕೊಡಬೇಕಾ, ಮೇಡಂ?

ಬೀದರ್‌ನಿಂದ

ಯೀಸ್ಟ್ ಆಗಿದ್ದರೆ, ಅವರಿಗೆ ತೊಂದರೆ ಇಲ್ಲದಿದ್ದರೆ ಬೇಡಮ್ಮ. ಮೊದಲು ಸಕ್ಕರೆ ಎಷ್ಟಿದೆ ನೋಡಿಸಿ. ಅದು ಇಳಿಯದೆ ತುರಿಕೆ ನಿಲ್ಲುವುದು ಕಷ್ಟ. ಬಸಿರಿ ಇದ್ದರೆ ಮಾತ್ರ ಈ ಗುಳಿಗೆ ನುಂಗಬೇಡಿ, ಒಳಗೆ ಇಡುವ ಕ್ಲೋಟ್ರಿಮಜೋಲ್ ಇದೆ.

ಗಂಡನಿಗೂ ಕೊಡಲೇಬೇಕಾದ್ದು ಟ್ರೈಕೊಮೊನಾಸ್‌ಗೆ. ಅದು ಲೈಂಗಿಕ ಸಂಪರ್ಕದಿಂದ ಹರಡುವ ಸಣ್ಣ ಪರೋಪಜೀವಿ. ಸೆರಗು ಹಳದಿ-ಹಸಿರು, ಕೆಲವೊಮ್ಮೆ ನೊರೆ ನೊರೆ. ಗಂಡಸರಿಗೆ ಎಷ್ಟೋ ಸಲ ಏನೂ ಕಾಣುವುದಿಲ್ಲ. ಹೆಂಡತಿಗೆ ಮಾತ್ರ ಮೆಟ್ರೊನಿಡಜೋಲ್ ಕೊಟ್ಟರೆ ಗಂಡನಿಂದ ಮತ್ತೆ ಬರುತ್ತದೆ.

ಯಾದಗಿರಿಯಿಂದ

ಹಾಗಾದರೆ ಬಣ್ಣ ನೋಡಿದರೆ ಗೊತ್ತಾಗುತ್ತದೆ ಅಲ್ವಾ?

ಬೀದರ್‌ನಿಂದ

ಬರೀ ಬಣ್ಣ ನಂಬಬೇಡಿ. ಎರಡು ಸೋಂಕು ಒಟ್ಟಿಗೆ ಇರಬಹುದು. ಎರಡು ಮುಟ್ಟುಗಳ ನಡುವೆ ಬರುವ ತಿಳಿ ಲೋಳೆ ಕಾಯಿಲೆಯೇ ಅಲ್ಲ.

ಕಲಬುರಗಿಯಿಂದ

ಹಾಗಾದರೆ ‘ಬಿಳಿ ಸೆರಗು’ ತಲೆಬರಹಕ್ಕೆ ಮಾತ್ರ ಇಟ್ಟುಕೊಳ್ಳುತ್ತೇನೆ. ಕೆಳಗೆ ‘ತುರಿಕೆಯ ಸೆರಗು’, ‘ವಾಸನೆಯ ಸೆರಗು’ ಅಂತ ಬರೆಯಬಹುದು. ಮೂರನೆಯದೇ ಕಷ್ಟ. ‘ಲೈಂಗಿಕ ಸೋಂಕು’ ಅಂತ ಅಚ್ಚು ಹಾಕಿದರೆ ಆ ಕರಪತ್ರವನ್ನು ಯಾರೂ ಮನೆಗೆ ಒಯ್ಯುವುದಿಲ್ಲ ಅಂತ ಆಶಾ ಕಾರ್ಯಕರ್ತೆಯರು ಹೇಳುತ್ತಿದ್ದಾರೆ. ‘ಗಂಡ-ಹೆಂಡತಿ ಇಬ್ಬರೂ ಔಷಧಿ ತೆಗೆದುಕೊಳ್ಳಬೇಕಾದ ಸೆರಗು’ ಅಂದರೆ ಉದ್ದವಾಯಿತಾ?