ಮದುವೆ ಖರ್ಚು: ಅಮ್ಮನ ಬಳೆ ಕರಗಿಸಬೇಕಾ, ಸಾಲ ಮಾಡಬೇಕಾ?

ಪ್ರಶ್ನೆ (ತುಮಕೂರಿನಿಂದ):
ಮಾಘದಲ್ಲಿ ಮಗಳ ಮದುವೆ. ಕೈಗೆ ಬಂದ ಕೊಟೇಶನ್ ಇವು. ಛತ್ರ ಎರಡು ದಿನಕ್ಕೆ ಕರೆಂಟು, ಕ್ಲೀನಿಂಗು, ಜಿಎಸ್‌ಟಿ ಸೇರಿ 2.7 ಲಕ್ಷ. ಅಡುಗೆಗೆ ರಿಸೆಪ್ಷನ್ 500 ಎಲೆ 350ರಂತೆ, ತಿಂಡಿ 300 ಜನಕ್ಕೆ 120ರಂತೆ, ಮುಹೂರ್ತದ ಊಟ 600 ಎಲೆ 400ರಂತೆ, 5 ಪರ್ಸೆಂಟ್ ಜಿಎಸ್‌ಟಿ ಎಲ್ಲಾ ಸೇರಿ 4.74 ಲಕ್ಷ. ಒಡವೆ 60 ಗ್ರಾಂ, ಗ್ರಾಂಗೆ 9,000, ವೇಸ್ಟೇಜ್ 16 ಪರ್ಸೆಂಟ್, ಜಿಎಸ್‌ಟಿ ಸೇರಿ 6.45 ಲಕ್ಷ. ಸೀರೆ, ಹೂವು, ಫೋಟೋ 3 ಲಕ್ಷ. ಹತ್ತಿರ ಹತ್ತಿರ 17 ಲಕ್ಷ ಆಯ್ತು. ಎಫ್‌ಡಿ 6 ಲಕ್ಷ, ಎಸ್‌ಬಿಯಲ್ಲಿ 2 ಲಕ್ಷ ಇದೆ. ಅಮ್ಮನ ನಾಲ್ಕು ಬಳೆ 40 ಗ್ರಾಂ, ಸರ 30 ಗ್ರಾಂ. ಅವನ್ನು ಮುಟ್ಟದೆ 9 ಲಕ್ಷ ಪರ್ಸನಲ್ ಲೋನ್ ತಗೊಳ್ಳಲಾ? 13.5 ಪರ್ಸೆಂಟ್, 5 ವರ್ಷ ಅಂತಾರೆ. ಅಂಗಡಿಯವರು ಹಳೇದು ಕೊಟ್ಟು ಹೊಸದು ತಗೊಳ್ಳಿ ಅಂತಾರೆ.

ನಿವೃತ್ತ ಬ್ಯಾಂಕ್ ಮ್ಯಾನೇಜರ್:
9 ಲಕ್ಷಕ್ಕೆ ತಿಂಗಳಿಗೆ ಸುಮಾರು 20,700 ಕಂತು ಬರುತ್ತೆ. ಐದು ವರ್ಷದಲ್ಲಿ ಬಡ್ಡಿಯೇ 3.4 ಲಕ್ಷ. ಮೊದಲು ಒಡವೆ ಲೆಕ್ಕ ನೋಡಿ ಸಾರ್, ಸಾಲದ ಮಾತು ಆಮೇಲೆ.

ಹಳೇ ಬಳೆ ಸಾಮಾನ್ಯವಾಗಿ ಪೂರ್ತಿ 22 ಕ್ಯಾರೆಟ್ ಇರಲ್ಲ. ಮಷಿನ್‌ನಲ್ಲಿಟ್ಟಾಗ 20 ಅಂತ ಬಂತು ಅಂದ್ಕೊಳ್ಳಿ. ಆಗ ನಿಮ್ಮ 40 ಗ್ರಾಂ, 36 ಗ್ರಾಂ ಚಿಲ್ಲರೆಗೆ ಇಳಿಯುತ್ತೆ, 3.27 ಲಕ್ಷ ಸಿಗುತ್ತೆ. ಆದರೆ ಹೊಸ 60 ಗ್ರಾಂಗೂ ವೇಸ್ಟೇಜ್, 3 ಪರ್ಸೆಂಟ್ ಜಿಎಸ್‌ಟಿ ಪೂರ್ತಿ ಕಟ್ಟಬೇಕು. ಕೈಯಿಂದ ಇನ್ನೂ 3.18 ಲಕ್ಷ ಹೋಗುತ್ತೆ.

ಇದರ ಬದಲು ಬಳೆಗಳನ್ನು ಪಾಲಿಶ್ ಮಾಡಿಸಿ ಮಗಳಿಗೆ ಹಾಗೇ ಹಾಕಿ. ಹೊಸದಾಗಿ 20 ಗ್ರಾಂ ಮಾತ್ರ ಕೊಳ್ಳಿ, ಅದು 2.15 ಲಕ್ಷಕ್ಕೆ ಆಗುತ್ತೆ. ಮೈಮೇಲೆ ಅದೇ 60 ಗ್ರಾಂ, ಖರ್ಚು ಒಂದು ಲಕ್ಷ ಕಮ್ಮಿ. ಅದರಲ್ಲಿ 70,000 ಬರೀ ವೇಸ್ಟೇಜ್ ಮತ್ತು ಟ್ಯಾಕ್ಸ್. ಉಳಿದದ್ದು ಕ್ಯಾರೆಟ್ ವ್ಯತ್ಯಾಸ. ಹಳೇ ಬಳೆಯೊಳಗೆ ಅರಗು ತುಂಬಿರಬಹುದು, ತೂಕ ನಂಬಿ ಲೆಕ್ಕ ಹಾಕಬೇಡಿ.

ಒಬ್ಬ ಸದಸ್ಯ:
ಅಷ್ಟೆಲ್ಲಾ ಯಾಕೆ? 70 ಗ್ರಾಂ ಪೂರ್ತಿ ಅಡ ಇಡಿ. ಬಡ್ಡಿ ಪರ್ಸನಲ್ ಲೋನ್‌ಗಿಂತ ಕಮ್ಮಿ. ವರ್ಷ ವರ್ಷ ಬಡ್ಡಿ ಕಟ್ಟಿ ರಿನ್ಯೂ ಮಾಡಿಸ್ಕೊಂಡು ಹೋದರಾಯ್ತು.

ನಿವೃತ್ತ ಬ್ಯಾಂಕ್ ಮ್ಯಾನೇಜರ್:
ಬಡ್ಡಿ ಕಮ್ಮಿ ಅನ್ನೋದು ನಿಜ. ಆದರೆ ಅಡ ಇಟ್ಟ ಬಳೆ ಮದುವೆ ದಿನ ಮಗಳ ಕೈಯಲ್ಲಿ ಇರಲ್ಲ, ಅಲ್ವಾ! ರಿನ್ಯೂ ಮಾಡಿಸುತ್ತಾ ಹೋದರೆ ಅಸಲು ಹಾಗೇ ನಿಂತಿರುತ್ತೆ. ಚಿನ್ನದ ದರ ಬಿದ್ದ ವರ್ಷ ಬ್ಯಾಂಕ್‌ನವರು ಒಂದಿಷ್ಟು ಅಸಲು ಕಟ್ಟಿ ಅಂತಾರೆ. ಎಷ್ಟೋ ಮನೆಯ ಸರ ಹೀಗೆ ಹರಾಜಿಗೆ ಹೋಗಿದ್ದನ್ನು ಕೌಂಟರಿನಲ್ಲಿ ಕೂತು ನೋಡಿದ್ದೇನೆ.

ಸರ ಮಾತ್ರ ಅಡ ಇಡಿ. ಅದೂ 20 ಕ್ಯಾರೆಟ್ ಆದರೆ ಬೆಲೆ 2.45 ಲಕ್ಷ. 75 ಪರ್ಸೆಂಟ್ ಲೆಕ್ಕದಲ್ಲಿ 1.8 ಲಕ್ಷ ಸಿಗುತ್ತೆ. ಕೂಲಿ, ಕಲ್ಲಿನ ತೂಕ ಬ್ಯಾಂಕ್ ಲೆಕ್ಕಕ್ಕೆ ಬರಲ್ಲ. ಮುಯ್ಯಿಯಲ್ಲಿ ಬಂದ ಹಣದಿಂದ ಮೊದಲು ಇದನ್ನು ಬಿಡಿಸಿಕೊಳ್ಳಿ. ಆದರೆ ಮುಯ್ಯಿ ನಂಬಿಕೊಂಡು ಛತ್ರದ ಬಾಕಿ ಮಾತ್ರ ಇಟ್ಟುಕೊಳ್ಳಬೇಡಿ.

ಅಡುಗೆ ಕಂಟ್ರಾಕ್ಟರ್:
ನಾನು ಅಡುಗೆ ಕೆಲಸದವನೇ, ಬೈಕೋಬೇಡಿ. ರಿಸೆಪ್ಷನ್‌ಗೆ ಬಂದವರಲ್ಲಿ ಬಹಳ ಜನ ಮುಹೂರ್ತಕ್ಕೆ ಮತ್ತೆ ಬರಲ್ಲ. 600 ಅಂತ ಬರೆದುಕೊಟ್ಟರೆ 480 ಜನ ಉಂಡರೂ 600ಕ್ಕೇ ಬಿಲ್. 500 ಗ್ಯಾರಂಟಿ ಬರೆಸಿ. ಮೇಲೆ 50 ಎಲೆವರೆಗೆ ಅದೇ ರೇಟು ಅಂತಲೂ ಬರೆಸಿ. ನಿಮ್ಮ ಕಡೆಯ ಒಬ್ಬರನ್ನು ಎಲೆ ಎಣಿಸಕ್ಕೆ ನಿಲ್ಲಿಸಿ. ಹಾಗೆ ಎಣಿಸದ ಮನೆಯಲ್ಲೇ ಜಗಳ ಆಗೋದು. ಬಡಿಸೋರ ಬಾಟಾ, ನೀರಿನ ಬಾಟಲಿ ರೇಟಿನಲ್ಲಿ ಸೇರಿದೆಯಾ ಅಂತ ಕೇಳಿದ್ರಾ?

ಇನ್ನೊಬ್ಬ ಸದಸ್ಯೆ:
ನಮ್ಮನೆಯಲ್ಲಿ ಮಾವನವರ ಎಫ್‌ಡಿ ಅವಧಿಗೆ ಮುಂಚೆ ಮುರಿಸಿ ಒಂದು ಪರ್ಸೆಂಟ್ ಬಡ್ಡಿ ಕಳ್ಕೊಂಡ್ವಿ. ಗೃಹಪ್ರವೇಶಕ್ಕೂ ಇದೇ ಲೆಕ್ಕ ಆಗುತ್ತಾ?

ನಿವೃತ್ತ ಬ್ಯಾಂಕ್ ಮ್ಯಾನೇಜರ್:
ಗೃಹಪ್ರವೇಶ ಬೇರೆ ಪೋಸ್ಟ್ ಹಾಕಿ ಅಮ್ಮ. ಎಫ್‌ಡಿ ಮುಗಿಯಕ್ಕೆ ಒಂದೆರಡು ತಿಂಗಳಷ್ಟೇ ಇದ್ದರೆ ಮುರಿಸೋ ಬದಲು ಅದರ ಮೇಲೆ ಸಾಲ ತಗೊಳ್ಳಬಹುದು, ಅದನ್ನು ಮ್ಯಾನೇಜರ್ ಹತ್ತಿರ ಕೇಳಿ.

ತುಮಕೂರಿನವರಿಗೆ: ಒಡವೆಯಲ್ಲಿ 4.3 ಲಕ್ಷ, ಎಲೆಯಲ್ಲಿ 42,000 ಇಳಿದರೆ ಖರ್ಚು 12.2 ಲಕ್ಷಕ್ಕೆ ಬರುತ್ತೆ. ಎಸ್‌ಬಿಯಲ್ಲಿ ಒಂದು ಲಕ್ಷ ಕೈ ಹಿಡಿದು, ಎಫ್‌ಡಿ ಸೇರಿ ಉಳಿದ 7 ಲಕ್ಷ ಹಾಕಿ. ಸರದ ಮೇಲೆ 1.8. ಇನ್ನು 3.4 ಲಕ್ಷ ಮಾತ್ರ ಪರ್ಸನಲ್ ಲೋನ್. ಮೂರು ವರ್ಷಕ್ಕೆ ತಗೊಂಡರೆ ಕಂತು 11,500ರ ಸುತ್ತ.

ಪ್ರಶ್ನೆ ಕೇಳಿದವರು:
ಲೆಕ್ಕ ಹಿಡಿಸಿತು ಸಾರ್. ಬಾಟಾ ಕೇಳಿರಲಿಲ್ಲ, ಫೋನ್ ಮಾಡಿದೆ, ಬೇರೆಯಂತೆ! ಒಂದೇ ತೊಡಕು. ಬಳೆ ಡಿಸೈನ್ ಹಳೇದು ಅಂತ ಮಗಳು ಮುಖ ಸಿಂಡರಿಸುತ್ತಾಳೆ. ಅವಳಮ್ಮ ಅವಳ ಪರ.

ನಿವೃತ್ತ ಬ್ಯಾಂಕ್ ಮ್ಯಾನೇಜರ್:
ಪಾಲಿಶ್ ಮಾಡಿಸಿ ಒಂದು ಸಲ ಕೈಗೆ ಹಾಕಿ ನೋಡಕ್ಕೆ ಹೇಳಿ. ಆಮೇಲೂ ಬೇಡ ಅಂದರೆ ಎರಡು ಬಳೆ ಮಾತ್ರ ಬದಲಾಯಿಸಿ. ಅದಕ್ಕಿಂತ ಹೆಚ್ಚು ನಾನು ಹೇಳಕ್ಕಾಗಲ್ಲ, ನಮ್ಮನೆಯಲ್ಲೇ ಸೋತಿದ್ದೇನೆ.