ಎಫ್‌ಪಿಓದಲ್ಲಿ ವಿಶೇಷ ಸಾಮಾನ್ಯ ಸಭೆ ಕೇಳುವ ಪತ್ರ: ಎಷ್ಟು ಸಹಿ ಬೇಕು, ಏನು ಬರೆಯಬೇಕು?

ಕೇಳಿದವರು (ತೊಗರಿ ಬೆಳೆಗಾರರು, ಕಲಬುರಗಿ ಕಡೆ):
ನಮ್ಮದು ರೈತ ಉತ್ಪಾದಕ ಕಂಪನಿ, 612 ಷೇರುದಾರರು. ಒಬ್ಬ ನಿರ್ದೇಶಕರು ಕಂಪನಿಯ ತೊಗರಿಯನ್ನು ತಮ್ಮ ಮನೆಯವರ ದಾಲ್ ಮಿಲ್ಲಿಗೇ ಕಡಿಮೆ ದರಕ್ಕೆ ಮಾರಿದ್ದಾರೆ. ಅವರನ್ನು ಕೆಳಗಿಳಿಸಲು ವಿಶೇಷ ಸಾಮಾನ್ಯ ಸಭೆ ಕರೆಸಬೇಕು. ಎಷ್ಟು ಸಹಿ ಬೇಕು? ಪತ್ರ ಹೇಗಿರಬೇಕು? ಹಿಂದೆ ಒಮ್ಮೆ ಕೊಟ್ಟ ಅರ್ಜಿಯನ್ನು "ಸರಿಯಿಲ್ಲ" ಎಂದು ಆಫೀಸಿನಲ್ಲಿ ತಿರುಗಿಸಿ ಕೊಟ್ಟರು.

ಅಕೌಂಟ್ಸ್ ನೋಡುವವರು, ದಾವಣಗೆರೆ:
ಕಂಪನಿ ಕಾಯ್ದೆ 2013ರ ಸೆಕ್ಷನ್ 100 ನೋಡಿ ಸರ್. ಹತ್ತನೇ ಒಂದು ಭಾಗ ಸಾಕು. ನಿಮ್ಮಲ್ಲಿ 62 ಜನರ ಸಹಿ ಆದರೆ ಮುಗಿಯಿತು. ಪತ್ರ ಬಂದ 21 ದಿನದೊಳಗೆ ಬೋರ್ಡ್ ಸಭೆ ಕರೆಯಲು ಮುಂದಾಗಬೇಕು, ಸಭೆಯ ದಿನ 45 ದಿನ ದಾಟಬಾರದು. ಕರೆಯದಿದ್ದರೆ ಸಹಿ ಹಾಕಿದವರೇ ಕರೆಯಬಹುದು.

ಕಂಪನಿ ಸೆಕ್ರೆಟರಿ, ಹುಬ್ಬಳ್ಳಿ:
ದಿನಗಳ ಲೆಕ್ಕ ಸರಿಯಾಗಿದೆ, ಸಹಿಯ ಲೆಕ್ಕ ಸರಿಯಿಲ್ಲ. ಹತ್ತನೇ ಒಂದು ಭಾಗ ಎನ್ನುವುದು ಬೇರೆ ಕಂಪನಿಗಳಿಗೆ. ಉತ್ಪಾದಕ ಕಂಪನಿಗಳಿಗೆ ಅದೇ ಕಾಯ್ದೆಯ 21ಎ ಅಧ್ಯಾಯ ಬೇರೆಯೇ ಇದೆ. ಅದರ ಸೆಕ್ಷನ್ 378ಝಡ್‌ಎ ಪ್ರಕಾರ ಮತ ಹಾಕುವ ಹಕ್ಕಿರುವ ಸದಸ್ಯರಲ್ಲಿ ಮೂರನೇ ಒಂದು ಭಾಗ ಸಹಿ ಮಾಡಿರಬೇಕು. ಷೇರು ಎಷ್ಟಿದೆ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ತಲೆಗೊಂದೇ ಮತ. ಹಿಂದಿನ ಅರ್ಜಿ 62ರ ಆಸುಪಾಸಿನಲ್ಲಿ ಹೋಗಿದ್ದರೆ ಬೋರ್ಡ್ ತಿರುಗಿಸಿದ್ದರಲ್ಲಿ ತಪ್ಪಿಲ್ಲ.

612ಕ್ಕೆ ಮೂರನೇ ಒಂದು ಭಾಗ ಎಂದರೆ 204. ಆದರೆ ಅಲ್ಲಿಗೇ ನಿಲ್ಲಬೇಡಿ, ನಿಮ್ಮ ಕಂಪನಿಯ ಒಳ ನಿಯಮಾವಳಿಯಾದ ಆರ್ಟಿಕಲ್ಸ್ ತೆರೆದು "ಸಕ್ರಿಯ ಸದಸ್ಯ" ಎಂಬ ಮಾತು ಎಲ್ಲಿದೆ ನೋಡಿ. ಮತದ ಹಕ್ಕನ್ನು ಸಕ್ರಿಯ ಸದಸ್ಯರಿಗೆ ಮಾತ್ರ ಇಡಲು ಕಾಯ್ದೆ ಅವಕಾಶ ಕೊಟ್ಟಿದೆ. ವರ್ಷಕ್ಕೆ ಇಂತಿಷ್ಟು ಕ್ವಿಂಟಲ್ ಕಂಪನಿಗೇ ಹಾಕಿರಬೇಕು ಎಂಬ ಷರತ್ತು ಬಹಳ ಕಡೆ ಇರುತ್ತದೆ. ಉದಾಹರಣೆಗೆ ನಿಮ್ಮಲ್ಲಿ ಆ ಷರತ್ತು ಪೂರೈಸಿದವರು 438 ಎಂದುಕೊಳ್ಳಿ. ಆಗ ಬೇಕಾದ ಸಹಿ 146. ಆದರೆ ಆ 146 ಮಂದಿಯೂ ಸಕ್ರಿಯರೇ ಆಗಿರಬೇಕು. ಈ ವರ್ಷ ತೊಗರಿಯನ್ನು ಹೊರಗೆ ಮಾರಿದವನ ಸಹಿ ಇದ್ದರೂ ಎಣಿಕೆಗೆ ಬರುವುದಿಲ್ಲ.

ಬೋರ್ಡ್ ಯಾವ ಪಟ್ಟಿ ಹಿಡಿದು ಎಣಿಸುತ್ತದೆ ಎಂದು ನಿಮಗೆ ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಎರಡೂ ಲೆಕ್ಕ ದಾಟಿ: ಒಟ್ಟು ಸಹಿ 230ರಿಂದ 240, ಅದರಲ್ಲಿ ಸಕ್ರಿಯರು 166ಕ್ಕೆ ಕಡಿಮೆ ಇಲ್ಲದಂತೆ. ಇಪ್ಪತ್ತು ಸಹಿ ಬಿದ್ದುಹೋದರೂ ಪತ್ರ ನಿಲ್ಲಬೇಕು.

ಕ್ಷೇತ್ರ ಸಂಯೋಜಕರು, ವಿಜಯಪುರ:
ಸಹಿ ಬೀಳುವುದು ಯಾಕೆ ಅಂದರೆ, ಹೆಚ್ಚಿನ ಮಟ್ಟಿಗೆ ಮನೆಯೊಳಗಿನ ಕಾರಣಕ್ಕೆ. ಷೇರು ಅಪ್ಪನ ಹೆಸರಲ್ಲಿ, ಅಪ್ಪ ತೀರಿಕೊಂಡು ಎರಡು ವರ್ಷ, ವರ್ಗಾವಣೆ ಆಗಿಲ್ಲ. ಸಹಿ ಮಾತ್ರ ಮಗನದು. ಅದು ನಡೆಯೋದಿಲ್ಲ ರೀ. ಹೆಂಡತಿ ಹೆಸರಿನ ಷೇರಿಗೆ ಗಂಡ ಸಹಿ ಹಾಕೋದೂ ಹಾಗೇ. ಸಹಿ ತಗೊಳ್ಳೋಕೆ ಹೋಗುವಾಗ ಷೇರು ಸರ್ಟಿಫಿಕೇಟ್ ನೋಡಿ, ಫೋಲಿಯೋ ನಂಬರು ಅಲ್ಲೇ ಬರೆದುಕೊಳ್ಳಿ. ಹೆಬ್ಬೆಟ್ಟು ಒತ್ತಿದವರ ಪಕ್ಕದಲ್ಲಿ ಗುರುತಿಸಿದವರೊಬ್ಬರ ಹೆಸರು, ಸಹಿ ಇರಲಿ.

ಇನ್ನೊಂದು, ಖಾಲಿ ಹಾಳೆ ಮೇಲೆ ಸಹಿ ತಗೊಂಡು ಆಮೇಲೆ ಮೊದಲ ಪುಟ ಪಿನ್ ಮಾಡಬೇಡಿ. "ರಸಗೊಬ್ಬರ ಬರ್ತದೆ ಅಂತ ಸಹಿ ಮಾಡಿಸಿಕೊಂಡರು" ಅಂತ ನಾಲ್ಕು ಜನ ಬರೆದುಕೊಟ್ಟರೆ ಇಡೀ ಪತ್ರದ ಮೇಲೆ ಅನುಮಾನ ಬರ್ತದೆ. ಪ್ರತಿ ಹಾಳೆಯ ತಲೆಯ ಮೇಲೂ ಸಭೆಯ ಉದ್ದೇಶ ಪೂರ್ತಿ ಅಚ್ಚಾಗಿರಲಿ, ಅದರ ಕೆಳಗೆ ಹದಿನೈದಿಪ್ಪತ್ತು ಸಾಲು. ಓದಲು ಬಾರದವರಿಗೆ ಓದಿ ಹೇಳಿಯೇ ಮುಂದೆ ಹೋಗಿ.

ಹಾಲು ಸಂಘದ ಸದಸ್ಯರು, ಮಂಡ್ಯ:
ನಮ್ಮ ಊರಿನ ಡೈರಿಯಲ್ಲೂ ಇದೇ ಗಲಾಟೆ. ಸಹಾಯಕ ನಿಬಂಧಕರಿಗೆ ಅರ್ಜಿ ಕೊಟ್ಟರೆ ಅವರೇ ಸಭೆ ಕರೆಸುತ್ತಾರಲ್ಲ, ಇಷ್ಟೆಲ್ಲ ಯಾಕೆ?

ಕಂಪನಿ ಸೆಕ್ರೆಟರಿ, ಹುಬ್ಬಳ್ಳಿ:
ಅಣ್ಣಾ, ನಿಮ್ಮದು ಸಹಕಾರ ಸಂಘ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಗೆ ಸೇರಿದ್ದು. ಅಲ್ಲಿ ನಿಮ್ಮ ಬೈಲಾ ಮತ್ತು ನಿಬಂಧಕರ ದಾರಿ. ಇವರದು ಕಂಪನಿ, ಸಹಕಾರ ಇಲಾಖೆಗೆ ಇದರಲ್ಲಿ ಕೆಲಸವಿಲ್ಲ. ಎರಡೂ ಕಡೆ ಅದೇ ರೈತರೇ ಸದಸ್ಯರಾಗಿರುವುದರಿಂದ ಈ ಗೊಂದಲ ಬಹಳ ಕಡೆ ಆಗುತ್ತದೆ. ಪತ್ರ ತಪ್ಪು ಬಾಗಿಲಿಗೆ ಹೋಗಿ ತಿಂಗಳುಗಟ್ಟಲೆ ಕೂತುಬಿಡುತ್ತದೆ.

ಈಗ ಉದ್ದೇಶದ ವಿಷಯ. "ಕಂಪನಿಯ ಅವ್ಯವಹಾರದ ಬಗ್ಗೆ ಚರ್ಚಿಸಲು" ಎಂದು ಬರೆದರೆ ಚರ್ಚೆ ಆಗುತ್ತದೆ, ತೀರ್ಮಾನ ಆಗುವುದಿಲ್ಲ. ಸಭೆಯಲ್ಲಿ ಕೈ ಎತ್ತಿಸುವ ವಾಕ್ಯವೇ ಪತ್ರದಲ್ಲಿರಬೇಕು. ನಿಮ್ಮ ಸಂದರ್ಭಕ್ಕೆ ಹೀಗೆ:

"ಕಂಪನಿ ಕಾಯ್ದೆ 2013ರ ಸೆಕ್ಷನ್ 169ರ ಪ್ರಕಾರ, ನಿರ್ದೇಶಕರಾದ ಶ್ರೀ ______ (ನಿರ್ದೇಶಕ ಗುರುತಿನ ಸಂಖ್ಯೆ, ಡಿಐಎನ್ ______) ಅವರನ್ನು ನಿರ್ದೇಶಕ ಸ್ಥಾನದಿಂದ ತೆಗೆದುಹಾಕುವ ನಿರ್ಣಯವನ್ನು ಸಾಮಾನ್ಯ ನಿರ್ಣಯವಾಗಿ ಪರಿಗಣಿಸಿ ಅಂಗೀಕರಿಸುವುದು."

ಇಷ್ಟೇ. ಯಾಕೆ ತೆಗೆಯಬೇಕು ಎಂಬ ಕಾರಣ ಬರೆಯಲೇಬೇಕೆಂದಿಲ್ಲ. ಎಲ್‌ಐಸಿ ಮತ್ತು ಎಸ್ಕಾರ್ಟ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಷ್ಟು ಹಿಂದೆಯೇ ಇದನ್ನು ಹೇಳಿದೆ. ದಾಲ್ ಮಿಲ್ಲಿನ ದರ, ಲಾರಿ ಲೆಕ್ಕ ಎಲ್ಲ ಪತ್ರದಲ್ಲಿ ತುಂಬಿದರೆ ಒಂದು ಅಂಕಿ ತಪ್ಪಾದರೂ ಅದನ್ನೇ ಹಿಡಿದು ಎಳೆಯುತ್ತಾರೆ, ಮಾನನಷ್ಟದ ನೋಟಿಸೂ ಬರಬಹುದು. ಆ ಕಾಗದಗಳನ್ನು ಸಭೆಗೆ ಇಟ್ಟುಕೊಳ್ಳಿ. ತೆಗೆಯಬೇಕೆಂದಿರುವವರು ಅಧ್ಯಕ್ಷರಾಗಿದ್ದರೂ "ಅಧ್ಯಕ್ಷ ಸ್ಥಾನದಿಂದ" ಎಂದು ಬರೆಯಬೇಡಿ. ಅಧ್ಯಕ್ಷರನ್ನು ಬೋರ್ಡ್ ಆರಿಸಿದ್ದರೆ ಅದು ಬೋರ್ಡಿನ ವಿಷಯ ಎನ್ನುತ್ತಾರೆ. ನಿರ್ದೇಶಕ ಸ್ಥಾನ ಹೋದರೆ ಅದೂ ಹೋಗುತ್ತದೆ.

ಲೆಕ್ಕಪತ್ರದ ಅಂಗೀಕಾರ, ಬೋನಸ್ ಹಂಚಿಕೆಯನ್ನು ಇದರ ಜೊತೆ ಸೇರಿಸಬೇಡಿ. ಅವು ವಾರ್ಷಿಕ ಮಹಾಸಭೆಯಲ್ಲೇ ಆಗಬೇಕಾದವು. ಮಾರಾಟದ ತನಿಖೆ ಬೇಕಿದ್ದರೆ "ಹೊರಗಿನ ಲೆಕ್ಕಪರಿಶೋಧಕರಿಂದ ಪರಿಶೀಲನೆ ಮಾಡಿಸುವಂತೆ ಬೋರ್ಡಿಗೆ ಶಿಫಾರಸು ಮಾಡುವುದು" ಎಂದು ಎರಡನೇ ವಿಷಯವಾಗಿ ಹಾಕಬಹುದು.

ನಿರ್ದೇಶಕರನ್ನು ತೆಗೆಯಲು ಬೇಡಿಕೆ ಪತ್ರವೊಂದೇ ಸಾಲದು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಸೆಕ್ಷನ್ 115ರ "ವಿಶೇಷ ನೋಟಿಸ್" ಬೇರೆ ಕೊಡಬೇಕು, ಸಭೆಗೆ ಕನಿಷ್ಠ 14 ದಿನ ಮೊದಲು, ಮೂರು ತಿಂಗಳಿಗಿಂತ ಹಿಂದೆ ಅಲ್ಲ. ಅದಕ್ಕೆ ಮತಬಲದ ಶೇಕಡಾ 1 ಸಾಕು, ನಿಮ್ಮಲ್ಲಿ 7 ಜನ. ಹದಿನೈದು ಜನರ ಸಹಿ ಹಾಕಿಸಿ, ಅದೇ ದಿನ, ಅದೇ ಲಕೋಟೆಯಲ್ಲಿ ಇಡಿ. ಆ ನಿರ್ದೇಶಕರಿಗೆ ಸಭೆಯಲ್ಲಿ ಮಾತಾಡುವ ಹಕ್ಕಿದೆ. ಅದಕ್ಕೆ ಅಡ್ಡಿ ಮಾಡಿದರೆ ನಿರ್ಣಯವೇ ಬಿದ್ದುಹೋಗಬಹುದು.

ಕೇಳಿದವರು:
ಸಹಿ ಸಂಗ್ರಹ ಈಗಾಗಲೇ ಶುರು ಮಾಡಿದ್ದೇವೆ. ಪತ್ರದ ಮೇಲೆ ಜನವರಿ 10 ಎಂದು ತಾರೀಖು ಇದೆ. ಎಲ್ಲ ಊರು ಮುಗಿಸಲು ಮಾರ್ಚ್ ಆಗಬಹುದು.

ಕಂಪನಿ ಸೆಕ್ರೆಟರಿ, ಹುಬ್ಬಳ್ಳಿ:
ಆ ತಾರೀಖು ನಿಮಗೇ ಮುಳುವಾಗುತ್ತದೆ. ಬೋರ್ಡಿನ 21 ಮತ್ತು 45 ದಿನ ಪತ್ರ ತಲುಪಿದ ದಿನದಿಂದ ಓಡುತ್ತವೆ. ಆದರೆ ಬೋರ್ಡ್ ಕೈಕಟ್ಟಿ ಕೂತರೆ ನೀವೇ ಸಭೆ ನಡೆಸಲು ಇರುವ ಮೂರು ತಿಂಗಳು ಬೇಡಿಕೆ ಪತ್ರದ ತಾರೀಖಿನಿಂದ. ಜನವರಿ 10ರ ಪತ್ರ ಮಾರ್ಚ್ 3ಕ್ಕೆ ತಲುಪಿದರೆ, ಬೋರ್ಡಿನ 21 ದಿನ ಮುಗಿಯುವುದು ಮಾರ್ಚ್ 24ಕ್ಕೆ. ನಿಮ್ಮ ಗಡುವು ಏಪ್ರಿಲ್ 10ರ ಹೊತ್ತಿಗೇ ಮುಗಿದಿರುತ್ತದೆ. ನಡುವೆ 17 ದಿನ, ನೋಟಿಸಿಗೇ 21 ದಿನ ಬೇಕು.

ಅದೇ ಪತ್ರಕ್ಕೆ ಮಾರ್ಚ್ 3 ಎಂದೇ ತಾರೀಖು ಹಾಕಿ ಅದೇ ದಿನ ಕೊಟ್ಟರೆ, ಬೋರ್ಡ್ ಸಭೆ ನಡೆಸಬೇಕಾದ ಕೊನೆಯ ದಿನ ಏಪ್ರಿಲ್ 17, ನಿಮ್ಮ ಕೈಯಲ್ಲಿ ಜೂನ್ ಆರಂಭದವರೆಗೂ ಸಮಯ. ಮೊದಲ ಪುಟ ಹೊಸದಾಗಿ ಮಾಡಿ. ಈಗ ಆಗಿರುವ ಹಾಳೆಗಳ ಮೇಲೂ ಜನವರಿ ತಾರೀಖು ಅಚ್ಚಾಗಿದ್ದರೆ ಬೇಜಾರಾದರೂ ಸಹಿ ಮತ್ತೆ ತೆಗೆದುಕೊಳ್ಳಿ, ತಿದ್ದಬೇಡಿ.

ಮತ್ತೆ ಸಹಿ ಹಾಕಿಸುವಾಗ ಪ್ರತಿ ಹಾಳೆಯಲ್ಲೂ ಒಂದು ಸಾಲು ಸೇರಿಸಿ: "ಬೋರ್ಡ್ ಸಭೆ ಕರೆಯದಿದ್ದಲ್ಲಿ ನಮ್ಮೆಲ್ಲರ ಪರವಾಗಿ ಸಭೆಯ ನೋಟಿಸಿಗೆ ಸಹಿ ಹಾಕಲು ಶ್ರೀ ______ ಅವರಿಗೆ ಅಧಿಕಾರ ಕೊಟ್ಟಿದ್ದೇವೆ." ನೀವೇ ಸಭೆ ಕರೆಯುವಾಗ ನೋಟಿಸಿಗೆ ಸಹಿದಾರರೆಲ್ಲರೂ ಸಹಿ ಹಾಕಬೇಕು, ಇಲ್ಲವೇ ಎಲ್ಲರೂ ಬರಹದಲ್ಲಿ ಒಪ್ಪಿಸಿದ ಒಬ್ಬರು. ಈ ಸಾಲು ಇಲ್ಲದಿದ್ದರೆ ಅದೇ 240 ಮನೆಗೆ ಮತ್ತೆ ಅಲೆಯಬೇಕು.

ಕ್ಷೇತ್ರ ಸಂಯೋಜಕರು, ವಿಜಯಪುರ:
ಕೊಡೋ ಜಾಗ ನೋಡಿಕೊಳ್ಳಿ. ಸಿಇಓ ಕೂರೋದು ಎಪಿಎಂಸಿ ಹತ್ತಿರದ ಗೋದಾಮಿನಲ್ಲಿ, ನೋಂದಾಯಿತ ಕಚೇರಿ ಕಾಗದದಲ್ಲಿ ಮಾತ್ರ ಮೊದಲ ಅಧ್ಯಕ್ಷರ ಮನೆ ವಿಳಾಸ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ, ಅಂದರೆ ಎಂಸಿಎ ಜಾಲತಾಣದಲ್ಲಿ ಕಂಪನಿ ಹೆಸರು ಹಾಕಿದರೆ ನೋಂದಾಯಿತ ವಿಳಾಸವೂ ಇಮೇಲೂ ಸಿಗ್ತದೆ. ಆ ವಿಳಾಸಕ್ಕೆ ಸ್ಪೀಡ್ ಪೋಸ್ಟ್, ಆ ಇಮೇಲಿಗೆ ಎಲ್ಲ ಹಾಳೆಗಳ ಸ್ಕ್ಯಾನ್, ಆಫೀಸಿಗೊಂದು ಪ್ರತಿ ಕೊಟ್ಟು ಸೀಲು. ಸೀಲು ಹಾಕಲ್ಲ ಅಂದರೆ ಜಗಳ ಬೇಡ, ಪೋಸ್ಟಿನ ರಸೀದಿ ಮತ್ತು ತಲುಪಿದ ವರದಿ ಸಾಕು. ಮೂಲ ಹಾಳೆ ಕೊಡೋ ಮೊದಲು ಎಲ್ಲಾ ಪುಟ ಜೆರಾಕ್ಸ್ ಮಾಡಿಸಿ.

ಅಕೌಂಟ್ಸ್ ನೋಡುವವರು, ದಾವಣಗೆರೆ:
ಮೂರನೇ ಒಂದು ಭಾಗದ ವಿಷಯ ತಿದ್ದಿದ್ದಕ್ಕೆ ಧನ್ಯವಾದ ಸರ್. ಆದರೆ ನೋಟಿಸಿಗೆ 21 ದಿನ ಎಂದಿರಿ, ಉತ್ಪಾದಕ ಕಂಪನಿಯ ಸಾಮಾನ್ಯ ಸಭೆಗೆ 14 ದಿನ ಸಾಕಲ್ಲವೇ?

ಕಂಪನಿ ಸೆಕ್ರೆಟರಿ, ಹುಬ್ಬಳ್ಳಿ:
ಬೋರ್ಡ್ ಕರೆದರೆ 14 ದಿನ. ಸದಸ್ಯರೇ ಕರೆಯುವ ಸಭೆಗೆ 2014ರ ನಿಯಮಗಳಲ್ಲಿ ಪೂರ್ತಿ 21 ದಿನ ಎಂದಿದೆ. ಉತ್ಪಾದಕ ಕಂಪನಿಯ ಸದಸ್ಯರು ಕರೆದಾಗ ಯಾವುದು ಅನ್ವಯ ಎಂಬುದರಲ್ಲಿ ನಮ್ಮ ವೃತ್ತಿಯವರಲ್ಲೇ ಎರಡು ಮಾತಿದೆ. 21 ದಿನ ಕೊಟ್ಟವರ ಮೇಲೆ ಆಕ್ಷೇಪ ಬರುವುದಿಲ್ಲ, ಅದಕ್ಕೇ ಹಾಗೆ ಹೇಳಿದ್ದು.

ಇದಕ್ಕಿಂತ ನನಗೆ ಹೆಚ್ಚು ಆತಂಕ ಇರುವುದು ಕೋರಂ, ಅಂದರೆ ಸಭೆಗೆ ಹಾಜರಿರಲೇಬೇಕಾದ ಕನಿಷ್ಠ ಸಂಖ್ಯೆಯ ಬಗ್ಗೆ. ಸಹಿ ಎಣಿಸುವುದು ಮತದ ಹಕ್ಕಿರುವವರಲ್ಲಿ, ಕೋರಂ ಎಣಿಸುವುದು ಒಟ್ಟು ಸದಸ್ಯರಲ್ಲಿ ನಾಲ್ಕನೇ ಒಂದು ಭಾಗ. 612ಕ್ಕೆ 153. ಅಂದರೆ 146 ಸಕ್ರಿಯರ ಸಹಿ ಪತ್ರಕ್ಕೆ ಸಾಕಾದರೂ, ಅಷ್ಟೂ ಜನ ಬಂದು ಕೂತರೂ ಸಭೆಗೆ ಏಳು ಜನ ಕಡಿಮೆ. ನೀವೇ ಕರೆದ ಸಭೆಯಲ್ಲಿ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆ ಮುಂದಕ್ಕೆ ಹೋಗುವುದಿಲ್ಲ, ರದ್ದೇ. ಕೊಯ್ಲಿನ ದಿನ, ಸಂತೆ ದಿನ ಬಿಟ್ಟು ತಾರೀಖು ಇಡಿ.

ಕೇಳಿದವರು:
ಬೋರ್ಡ್ ಕರೆಯದೇ ಹೋದರೆ ಅವರಿಗೆ ಏನೂ ಆಗುವುದಿಲ್ಲವೇ? ಖರ್ಚು ನಮ್ಮ ಮೇಲೇ?

ಕಂಪನಿ ಸೆಕ್ರೆಟರಿ, ಹುಬ್ಬಳ್ಳಿ:
ನ್ಯಾಯವಾದ ಖರ್ಚನ್ನು ಕಂಪನಿ ವಾಪಸ್ ಕೊಡಬೇಕು, ತಪ್ಪಿದ ನಿರ್ದೇಶಕರಿಗೆ ಸಲ್ಲುವ ಶುಲ್ಕದಲ್ಲಿ ಅದನ್ನು ಹಿಡಿದುಕೊಳ್ಳಬೇಕು. ಬಿಲ್ಲುಗಳು ಸಭೆ ಕರೆದವರ ಹೆಸರಲ್ಲಿರಲಿ. ಅದಕ್ಕಿಂತ ದೊಡ್ಡದು ಸೆಕ್ಷನ್ 378ಕ್ಯೂ: ವಿಶೇಷ ಸಭೆಯನ್ನು ಕಾಯ್ದೆಯಂತೆ ಕರೆಯದಿದ್ದರೆ, ಪ್ರಕೃತಿ ವಿಕೋಪದಂಥ ಕಾರಣ ಇಲ್ಲದಿದ್ದಲ್ಲಿ, ನಿರ್ದೇಶಕರ ಸ್ಥಾನ ತೆರವಾಗುತ್ತದೆ. ಪತ್ರದ ಕೊನೆಯಲ್ಲಿ ಈ ಸೆಕ್ಷನ್ನನ್ನು ಒಂದೇ ಸಾಲಲ್ಲಿ ನೆನಪಿಸಿ.

ಕ್ಷೇತ್ರ ಸಂಯೋಜಕರು, ವಿಜಯಪುರ:
ತೆರವಾಗ್ತದೆ ಅಂತ ಕಾಯ್ದೆಯಲ್ಲಿದೆ ನಿಜ ಸರ್. ಆದರೆ ಅವರು ಕುರ್ಚಿ ಬಿಡದೆ ಚೆಕ್ಕಿಗೆ ಸಹಿ ಹಾಕ್ತಾ ಕೂತರೆ ಇಳಿಸೋರು ಯಾರು, ಬ್ಯಾಂಕಿಗೆ ಯಾರು ಹೇಳಬೇಕು? ಇಡೀ ಬೋರ್ಡೇ ತೆರವಾದರೆ ಮುಂದಿನ ಸಭೆ ಕರೆಯೋರು ಯಾರು?

ಕಂಪನಿ ಸೆಕ್ರೆಟರಿ, ಹುಬ್ಬಳ್ಳಿ:
ಅಲ್ಲಿಗೆ ಬಂದರೆ ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠಕ್ಕೆ ಹೋಗಬೇಕಾಗಬಹುದು, ಅದು ಬೇರೆ ವಕೀಲರ ಕೆಲಸ. ಸದ್ಯಕ್ಕೆ ಆರ್ಟಿಕಲ್ಸ್‌ನ ಸಕ್ರಿಯ ಸದಸ್ಯರ ಷರತ್ತು ಏನಿದೆ ಎಂದು ಇಲ್ಲಿ ಹಾಕಿ. ಅದು ನೋಡದೆ 146 ಎಂದೋ 204 ಎಂದೋ ಖಚಿತವಾಗಿ ಹೇಳಲಾರೆ.