ಪದಚರ್ಚೆ: ಬೀಗದ ‘ಫೇಲ್ ಸೇಫ್’, ‘ಫೇಲ್ ಸೆಕ್ಯೂರ್’ಗೆ ಕನ್ನಡದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಹತ್ತು ಹನ್ನೆರಡು ಜನ ಕೆಲಸ ಮಾಡುವ ಒಂದು ಸಣ್ಣ ಆಫೀಸಿನ ಬಾಗಿಲಿಗೆ ಕಾರ್ಡ್ ಬೀಗ ಹಾಕಿದ್ದಾರೆ. ಬಾಗಿಲ ಪಕ್ಕ ಅಂಟಿಸಲು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಬೇಕು. ಕರೆಂಟ್ ಹೋದಾಗ ಬಾಗಿಲು ಹೇಗೆ ವರ್ತಿಸುತ್ತದೆ ಎನ್ನುವುದೇ ಅದರ ಮುಖ್ಯ ವಿಷಯ. ಬೀಗದ ಜೊತೆ ಬಂದ ಕಾಗದದಲ್ಲಿ ಇದು ‘ಫೇಲ್ ಸೇಫ್’ ಜಾತಿಯದು, ಬೇಕಾದರೆ ಒಂದು ಸ್ಕ್ರೂ ಬದಲಿಸಿ ‘ಫೇಲ್ ಸೆಕ್ಯೂರ್’ ಮಾಡಿಕೊಳ್ಳಬಹುದು ಎಂದಿದೆ.

ಪದಕ್ಕೆ ಪದ ಇಟ್ಟರೆ ‘ವೈಫಲ್ಯ ಸುರಕ್ಷಿತ’, ‘ವೈಫಲ್ಯ ಭದ್ರ’ ಆಗುತ್ತದೆ. ಕರಡನ್ನು ಆಫೀಸಿನ ಇಬ್ಬರಿಗೆ ಓದಿಸಿ, ಕರೆಂಟ್ ಹೋದರೆ ಬಾಗಿಲು ಏನಾಗುತ್ತೆ ಅಂತ ಕೇಳಿದೆ. ಎರಡು ಪದಕ್ಕೂ ಇಬ್ಬರದೂ ಒಂದೇ ಉತ್ತರ: ‘ಬೀಗ ಬಿದ್ದಿರುತ್ತೆ’. ಬೀಗದ ಮಾತು ಬಂದಾಗ ಸುರಕ್ಷಿತ ಅಂದರೂ ಭದ್ರ ಅಂದರೂ ನಮಗೆ ಹೊಳೆಯುವುದು ಮುಚ್ಚಿದ ಬಾಗಿಲೇ ಅಲ್ವಾ? ಇಲ್ಲಿ ಮೊದಲನೆಯದರ ಅರ್ಥ ಸರಿಯಾಗಿ ಅದಕ್ಕೆ ಎದುರು.

ಅರ್ಥ ಅಡಿಮೇಲಾಗದ ಎರಡು ಮಾತು ಬೇಕು. ಜೊತೆಗೆ, ಬಾಗಿಲ ಚೌಕಟ್ಟಿನಲ್ಲಿ ಕೂತಿರುವ ‘ಸ್ಟ್ರೈಕ್’ ಎನ್ನುವ ಭಾಗಕ್ಕೆ ಏನನ್ನುತ್ತಾರೆ?

ಸುಮಾ

---

ಸುಮಾ ಅವರೇ,

ಇದು ಸುಲಭ. ಸೇಫ್ ಅನ್ನುವುದು ಜನಕ್ಕೆ, ಸೆಕ್ಯೂರ್ ಅನ್ನುವುದು ಮಾಲಿಗೆ. ಕರೆಂಟ್ ಹೋದಾಗ ಮೊದಲನೆಯದು ಜನರನ್ನು ಹೊರಗೆ ಬಿಡುತ್ತದೆ, ಎರಡನೆಯದು ಒಳಗೇ ಕೂಡಿಹಾಕುತ್ತದೆ. ‘ಜನ ಕಾಯುವ ಬೀಗ’, ‘ಮಾಲು ಕಾಯುವ ಬೀಗ’ ಎಂದು ಬರೆಯಿರಿ. ಎರಡನೆಯದನ್ನು ಜನ ಓಡಾಡುವ ಬಾಗಿಲಿಗೆ ಹಾಕಲೇಬಾರದು ಅಂತಲೂ ಸೇರಿಸಿ.

ಗಿರೀಶ್

---

ಗಿರೀಶ್ ಸರ್ ಅರ್ಧ ಸರಿ ಹೇಳಿದ್ದಾರೆ. ಸೇಫ್ ಅನ್ನುವುದು ಜನಕ್ಕೆ, ಅದು ನಿಜ. ಆದರೆ ಇನ್ನೊಂದು ಜಾತಿ ಜನರನ್ನು ಕೂಡಿಹಾಕುತ್ತದೆ ಅನ್ನುವುದು ಈ ಬಾಗಿಲಿಗೆ ಹೊಂದುವುದಿಲ್ಲ. ನಾನು ಇದೇ ಕೆಲಸದಲ್ಲಿರುವವನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಾಗಿಲ ಅಂಚಿನಲ್ಲಿ ಸ್ಪ್ರಿಂಗ್ ಒತ್ತಡಕ್ಕೆ ಹೊರಗೆ ಚಾಚುವ ತುಂಡಿಗೆ ನಾವು ನಾಲಿಗೆ ಅನ್ನುತ್ತೇವೆ. ಮಾಮೂಲಿ ಬಾಗಿಲಲ್ಲಿ ಅದು ಚೌಕಟ್ಟಿನ ಒಂದು ತೂತಿನೊಳಗೆ ಹೋಗಿ ಕೂರುತ್ತದೆ. ಆ ತೂತಿನ ತಗಡನ್ನು ತೆಗೆದು ಅದೇ ಜಾಗದಲ್ಲಿ ಕೂರಿಸುವುದೇ ಸ್ಟ್ರೈಕ್. ಇದರ ಗೂಡಿಗೆ ಒಂದು ಬದಿಯ ಗೋಡೆ ಕೀಲಿನ ಮೇಲೆ ತಿರುಗುತ್ತದೆ. ಒಳಗಿನ ಸೊಲೆನಾಯ್ಡ್, ಅಂದರೆ ವಿದ್ಯುತ್ ಹರಿದಾಗ ಕಡ್ಡಿಯನ್ನು ಸರಿಸುವ ಸುರುಳಿ, ಆ ಗೋಡೆಯನ್ನು ತಡೆದಿದ್ದರೆ ಬಾಗಿಲು ಕದಲುವುದಿಲ್ಲ. ತಡೆ ಬಿಟ್ಟರೆ, ಬಾಗಿಲು ತಳ್ಳಿದ ಕೂಡಲೇ ಗೋಡೆ ಮಡಚಿಕೊಂಡು ನಾಲಿಗೆಗೆ ದಾರಿ ಕೊಡುತ್ತದೆ. ನಾಲಿಗೆ ಚಾಚಿಕೊಂಡೇ ಹೊರಗೆ ಬರುತ್ತದೆ.

ಈಗ ಒಳಗಿನ ಹಿಡಿ ನೋಡಿ. ಅದನ್ನು ಒತ್ತಿದರೆ ನಾಲಿಗೆಯೇ ಒಳಗೆ ಸರಿಯುತ್ತದೆ. ಅದಕ್ಕೆ ತಂತಿಯೂ ಬೇಡ, ಕಾರ್ಡೂ ಬೇಡ. ಸ್ಟ್ರೈಕ್ ಹಿಡಿದಿದ್ದರೂ ಬಿಟ್ಟಿದ್ದರೂ ಒಳಗಿದ್ದವರು ಹೊರಗೆ ಬರುತ್ತಾರೆ. ಹಾಗಾಗಿ ಇಲ್ಲಿ ಫೇಲ್ ಸೇಫೋ ಸೆಕ್ಯೂರೋ ಅನ್ನುವುದು ಹೊರಗಿನಿಂದ ಬರುವವರ ಪ್ರಶ್ನೆ. ಒಳಗೆ ಹಿಡಿ ಇಲ್ಲದೆ ಬರೀ ಗುಂಡಿ ಒತ್ತಿ ಹೊರಬರುವ ಬಾಗಿಲಾದರೆ ಮಾತು ಬೇರೆ. ಅಲ್ಲಿ ಗಿರೀಶ್ ಸರ್ ಹೆದರಿಕೆ ನೂರಕ್ಕೆ ನೂರು ಸರಿ.

ಇನ್ನೊಂದು ವಿಷಯ. ಬೆಂಕಿ ತಡೆಯುವ ಬಾಗಿಲಿಗೆ ಫೇಲ್ ಸೇಫ್ ಸ್ಟ್ರೈಕ್ ಹಾಕುವಂತಿಲ್ಲ. ಬೆಂಕಿಯಲ್ಲಿ ವಿದ್ಯುತ್ ಹೋದರೂ ಅಂಥ ಬಾಗಿಲ ನಾಲಿಗೆ ಗೂಡಿನಲ್ಲೇ ಕೂತಿರಬೇಕು, ಇಲ್ಲದಿದ್ದರೆ ಬಿಸಿಗಾಳಿಯ ಒತ್ತಡಕ್ಕೆ ಬಾಗಿಲು ತೆರೆದುಕೊಂಡು ಬೆಂಕಿ ಆಚೆ ದಾಟುತ್ತದೆ. ಅಲ್ಲಿ ಜನ ಕಾಯುವುದು ನೀವು ‘ಮಾಲು ಕಾಯುವ’ ಅಂದ ಜಾತಿಯೇ. ಆದ್ದರಿಂದ ಆ ಜೋಡಿ ಬೇಡ.

ನಮ್ಮ ಹುಡುಗರ ಬಾಯಲ್ಲಿರುವ ಮಾತು ‘ಕರೆಂಟ್ ಹೋದ್ರೆ ಬಿಡೋದು’, ‘ಕರೆಂಟ್ ಹೋದ್ರೂ ಹಿಡಿಯೋದು’. ‘ರೆ’ಗೂ ‘ರೂ’ಗೂ ಇರುವ ವ್ಯತ್ಯಾಸದಲ್ಲೇ ಕೆಲಸ ಮುಗಿಯುತ್ತದೆ. ‘ತೆರೆಯುವ’ ಅನ್ನಬೇಡಿ. ಸ್ಟ್ರೈಕ್ ಬಾಗಿಲು ತೆರೆಯುವುದಿಲ್ಲ, ಹಿಡಿತ ಬಿಡುತ್ತದೆ ಅಷ್ಟೇ.

ನಾಗೇಶ್

---

ನಮ್ಮ ಬಾಗಿಲಿನದೂ ಇದೇ ಸಮಸ್ಯೆ, ಇಲ್ಲೇ ಕೇಳುತ್ತಿದ್ದೇನೆ. ಮೇಲುಗಡೆ ಮ್ಯಾಗ್ನೆಟ್ ಇರುವ ಬೀಗ. ಕರೆಂಟ್ ಹೋದರೆ ತಾನೇ ಬಿಡುತ್ತೆ ಅಂತ ಹಾಕಿದವರು ಹೇಳಿದ್ದರು. ಮೊನ್ನೆ ಮಧ್ಯಾಹ್ನ ಕರೆಂಟ್ ಹೋಯಿತು, ಕತ್ತಲೆ ಕವಿಯುವವರೆಗೂ ಬರಲಿಲ್ಲ. ಬಾಗಿಲು ಒಂದು ಚೂರೂ ಅಲ್ಲಾಡಲಿಲ್ಲ, ಗುಂಡಿ ಒತ್ತಿಯೇ ಹೊರಗೆ ಬಂದೆವು. ಮ್ಯಾಗ್ನೆಟ್ ಕೆಟ್ಟಿದೆಯಾ?

ಫರ್ಹಾನಾ

---

ಫರ್ಹಾನಾ ಮೇಡಂ, ಮ್ಯಾಗ್ನೆಟ್ ಸರಿಯಾಗೇ ಇದೆ. ಒಳಗೆಲ್ಲೋ ಪೆಟ್ಟಿಗೆಯಲ್ಲಿ ಬ್ಯಾಟರಿ ಇದೆ, ಅದು ಹಿಡಿದುಕೊಂಡಿತ್ತು. ನಿಮ್ಮದು ಸ್ಟ್ರೈಕ್ ಅಲ್ಲ, ಆದರೂ ಒಳ್ಳೆಯ ಪ್ರಶ್ನೆ. ನಾನು ಮೇಲೆ ಕೊಟ್ಟ ಮಾತಿಗೇ ಇದು ಅಡ್ಡ ಬರುತ್ತದೆ. ನಾವು ‘ಕರೆಂಟ್ ಹೋಯ್ತು’ ಅನ್ನುವುದು ದೀಪ ಆರಿದಾಗ. ಸ್ಟ್ರೈಕಿಗೆ ವಿದ್ಯುತ್ ಹೋಗುವುದು ಬ್ಯಾಟರಿಯೂ ಬರಿದಾದಾಗ.

ಸುಮಾ ಅವರ ಬಾಗಿಲಿಗೇ ಲೆಕ್ಕ ಹಾಕೋಣ. 12 ವೋಲ್ಟಿನ ಸ್ಟ್ರೈಕ್ ಹಿಡಿದಿರುವಾಗ 300 ಮಿಲಿಆಂಪ್ ಎಳೆಯುತ್ತದೆ ಅಂದುಕೊಳ್ಳಿ. ಕಾರ್ಡ್ ಓದುವ ಸಾಧನ, ಕಂಟ್ರೋಲರ್ ಸೇರಿ 150. ಒಟ್ಟು 450. ಬ್ಯಾಟರಿ 7 ಆಂಪಿಯರ್ ಅವರ್‌ನದಾದರೆ ಕಾಗದದ ಮೇಲೆ ಸುಮಾರು 15 ಗಂಟೆ ಬರುತ್ತದೆ. ಹಳೆಯ ಬ್ಯಾಟರಿಗೆ ನಾನು 10ಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಸಂಜೆ 7ಕ್ಕೆ ದೀಪ ಆರಿ ಬರದೇ ಹೋದರೆ, ಬೆಳಗಿನ ಜಾವ 5ರ ಹೊತ್ತಿಗೆ ಸ್ಟ್ರೈಕ್ ಕೈಬಿಡುತ್ತದೆ. ಆಫೀಸಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಯಾರು ತಳ್ಳಿದರೂ ಬಾಗಿಲು ತೆರೆಯುತ್ತದೆ.

ಇನ್ನೊಂದು ಜಾತಿಯಲ್ಲಿ ಸ್ಟ್ರೈಕ್ ವಿದ್ಯುತ್ ಎಳೆಯುವುದು ಕಾರ್ಡ್ ತೋರಿಸಿದ ನಾಲ್ಕೈದು ಸೆಕೆಂಡ್ ಮಾತ್ರ. ಉಳಿದ ಹೊತ್ತಿನಲ್ಲಿ ಬರೀ 150 ಮಿಲಿಆಂಪ್, ಹಾಗಾಗಿ ಅದೇ ಬ್ಯಾಟರಿ ಮೂರು ಪಟ್ಟು ಹೊತ್ತು ಬಾಳುತ್ತದೆ. ಬ್ಯಾಟರಿ ಮುಗಿದ ಮೇಲೂ ಬಾಗಿಲು ಮುಚ್ಚಿಯೇ ಇರುತ್ತದೆ. ಆಗ ಕಾರ್ಡ್ ನಡೆಯುವುದಿಲ್ಲ, ಹೊರಗಿನಿಂದ ಬರಲು ಬೀಗದ ಕೈ ಬೇಕು. ಒಳಗಿನ ಹಿಡಿ ಚೆನ್ನಾಗಿದ್ದರೆ ಇಂಥ ಆಫೀಸಿಗೆ ನಾನು ಕೊಡುವುದು ಇದನ್ನೇ. ಆದರೆ ಬರೀ ಸ್ಕ್ರೂ ಬದಲಿಸಿದರೆ ಸಾಲದು, ಕಂಟ್ರೋಲರ್‌ನಲ್ಲಿ ತಂತಿಯನ್ನೂ ಬದಲಿಸಬೇಕು.

‘ಫೇಲ್’ ಅಂದರೆ ಯಾವುದು ಫೇಲ್ ಅಂತಲೂ ಕೇಳಿಕೊಳ್ಳಿ. ಕೆಲವು ಕಡೆ ಕಂಟ್ರೋಲರ್‌ಗೆ ಒಂದು ಅಡಾಪ್ಟರ್, ಸ್ಟ್ರೈಕಿಗೆ ಇನ್ನೊಂದು ಇರುತ್ತದೆ. ಕಂಟ್ರೋಲರ್ ಮಾತ್ರ ಸತ್ತರೆ ಅದರ ರಿಲೇ, ಅಂದರೆ ಸ್ಟ್ರೈಕಿನ ವಿದ್ಯುತ್ತನ್ನು ಬಿಡುವ, ತಡೆಯುವ ಸ್ವಿಚ್, ವಿಶ್ರಾಂತಿಯ ಸ್ಥಿತಿಗೆ ಬೀಳುತ್ತದೆ. ಫೇಲ್ ಸೇಫ್ ಜೋಡಣೆಯಲ್ಲಿ ಆ ಸ್ಥಿತಿಯಲ್ಲೇ ಸ್ಟ್ರೈಕಿಗೆ ವಿದ್ಯುತ್ ಹರಿಯುವುದು. ಕಾರ್ಡ್ ಕೆಲಸ ಮಾಡುವುದಿಲ್ಲ, ಬಾಗಿಲೂ ಬಿಡುವುದಿಲ್ಲ. ಬೆಂಕಿ ಅಲಾರಂನ ತಂತಿಯನ್ನು ಕಂಟ್ರೋಲರ್‌ಗೆ ಕೊಡದೆ, ಸ್ಟ್ರೈಕಿನ ವಿದ್ಯುತ್ತನ್ನೇ ನೇರವಾಗಿ ಕತ್ತರಿಸುವಂತೆ ಹಾಕಿ ಅನ್ನುವುದು ಇದಕ್ಕೇ.

ನಾಗೇಶ್

---

ಒಳಗಿನ ಹಿಡಿಯ ವಿಷಯ ಒಪ್ಪಿದೆ. ಆದರೂ ಇಷ್ಟುದ್ದದ ಮಾತು ಪದಪಟ್ಟಿಗೆ ಆಗಿಬರುವುದಿಲ್ಲ. ಒಂದೊಂದು ಪದ ಬೇಕು. ‘ಬಿಡುಬೀಗ’, ‘ಹಿಡಿಬೀಗ’ ಹೇಗೆ? ಅಚ್ಚ ಕನ್ನಡ, ಚಿಕ್ಕದು, ಎದುರುಬದುರು ನಿಲ್ಲುತ್ತವೆ.

ಗಿರೀಶ್

---

‘ಹಿಡಿಬೀಗ’ ಅಂದರೆ ಹಿಡಿ ಇರುವ ಬೀಗ ಅಂತಲೂ ಆಗುತ್ತೆ ಸರ್. ಹಾಳೆ ಓದುವವರ ಕೈ ಇರುವುದೇ ಹಿಡಿಯ ಮೇಲೆ. ‘ಬಿಡುಬೀಗ’ ಇಷ್ಟವಾಯಿತು.

ನಮ್ಮ ಪೆಟ್ಟಿಗೆ ತೆರೆಸಿದೆ, ಬ್ಯಾಟರಿ ಇತ್ತು.

ಫರ್ಹಾನಾ

---

ಎಲ್ಲರಿಗೂ ಧನ್ಯವಾದ. ಹಾಳೆಯ ಸಾಲುಗಳು ಈಗ ಹೀಗಿವೆ:

‘ಹೊರಗೆ ಹೋಗಲು ಯಾವಾಗಲೂ ಒಳಗಿನ ಹಿಡಿ ಒತ್ತಿ. ಕಾರ್ಡ್ ಬೇಡ, ಕರೆಂಟ್ ಬೇಡ. ಕರೆಂಟ್ ಹೋದರೂ ಬ್ಯಾಟರಿ ಇರುವವರೆಗೆ ಬೀಗ ಎಂದಿನಂತೆ ಹಿಡಿದಿರುತ್ತದೆ. ಬ್ಯಾಟರಿಯೂ ಮುಗಿದರೆ ಬೀಗ ಬಿಡುತ್ತದೆ, ಬಾಗಿಲನ್ನು ಹೊರಗಿನಿಂದ ಯಾರು ಬೇಕಾದರೂ ತೆರೆಯಬಹುದು.’

ಫೇಲ್ ಸೇಫ್ ಎನ್ನುವ ಪದವೇ ಇದರಲ್ಲಿಲ್ಲ. ಅದೇ ಇಬ್ಬರಿಗೆ ಓದಿಸಿದೆ, ಈ ಸಲ ಇಬ್ಬರೂ ಸರಿಯಾಗಿ ಹೇಳಿದರು. ಸ್ಕ್ರೂ ಬದಲಿಸುವ ವಿಚಾರವನ್ನು ಆಫೀಸಿನವರಿಗೆ ತಿಳಿಸಿದ್ದೇನೆ. ಬದಲಿಸಿದರೆ ಕೊನೆಯ ಸಾಲು ‘ಬ್ಯಾಟರಿಯೂ ಮುಗಿದರೆ ಕಾರ್ಡ್ ನಡೆಯುವುದಿಲ್ಲ, ಹೊರಗಿನಿಂದ ಬೀಗದ ಕೈ ಬೇಕು’ ಎಂದಾಗುತ್ತದೆ.

ನಾಗೇಶ್ ಅವರೇ, ಈಗ ಸ್ಕ್ರೂ ಯಾವ ಕಡೆಗಿದೆ ಎಂದು ನೋಡಿ ಖಚಿತ ಮಾಡಿಕೊಳ್ಳುವುದು ಹೇಗೆ?

ಸುಮಾ

---

ಸ್ಕ್ರೂ ನೋಡಬೇಡಿ, ಬೆರಳಿನಿಂದ ನೋಡಿ. ಬಾಗಿಲು ತೆರೆದಿಟ್ಟು ಗೂಡಿನ ಆ ತಿರುಗುವ ಗೋಡೆಯನ್ನು ಒತ್ತಿ. ಗಟ್ಟಿಯಾಗಿ ನಿಂತಿರಬೇಕು. ಮೇನ್ ಸ್ವಿಚ್ ಆರಿಸಿ ಒತ್ತಿ, ಆಗಲೂ ಗಟ್ಟಿ. ಆಮೇಲೆ ಬ್ಯಾಟರಿಯ ಒಂದು ತಂತಿ ಕಳಚಿ ಒತ್ತಿ. ಈಗ ಮಡಚಿಕೊಂಡರೆ ಬಿಡುವ ಜಾತಿ, ಗಟ್ಟಿಯಾಗೇ ಇದ್ದರೆ ಹಿಡಿಯುವ ಜಾತಿ.

ನಂತರ ಬಾಗಿಲು ಮುಚ್ಚಿ ಇದನ್ನೇ ಇನ್ನೊಮ್ಮೆ ಮಾಡಿ. ಬೆರಳಿಗೆ ಮಡಚಿದ ಗೋಡೆ ಬಾಗಿಲು ಮುಚ್ಚಿದಾಗ ಮಡಚದೇ ಇರಬಹುದು. ಅಂಚಿನ ರಬ್ಬರ್ ಬಿಗಿಯಾಗಿ ಬಾಗಿಲನ್ನು ತೆರೆಯುವ ಕಡೆಗೆ ತಳ್ಳುತ್ತಿದ್ದರೆ ನಾಲಿಗೆ ಆ ಗೋಡೆಯನ್ನು ಸದಾ ಒತ್ತಿರುತ್ತದೆ. ಒಳಗಿನ ತಡೆ ಆ ಒತ್ತಡದಲ್ಲಿ ಸಿಕ್ಕಿ, ವಿದ್ಯುತ್ ಹೋದರೂ ಜಾರುವುದಿಲ್ಲ. ಬಾಗಿಲನ್ನು ಸ್ವಲ್ಪ ಮುಚ್ಚುವ ಕಡೆಗೆ ಒತ್ತಿದ ಕೂಡಲೇ ಟಿಕ್ ಅಂತ ಬಿಟ್ಟರೆ ತೊಂದರೆ ಇದೇ. ರಬ್ಬರ್ ತೆಳ್ಳಗಿನದು ಹಾಕಿಸಿ, ಇಲ್ಲವೇ ಸ್ಟ್ರೈಕನ್ನು ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಲು ಹೇಳಿ.

ಆ ಗೋಡೆಗೆ ನಮ್ಮಲ್ಲಿ ಹೆಸರಿಲ್ಲ, ಸುಮ್ನೆ ‘ಆ ತುಂಡು’ ಅನ್ನುತ್ತೇವೆ. ಬಡಗಿ ಕೆಲಸದವರಲ್ಲಿ ಇದಕ್ಕೆ ಮಾತಿದ್ದರೆ ಯಾರಾದರೂ ಹೇಳಿ.

ನಾಗೇಶ್